1001 ಅಂದರೆ ಒಂಬತ್ತೋ, ಮೈನಸ್ ಏಳೋ?

ಕಂಪ್ಯೂಟರ್‌ನೊಳಗೆ ಲೆಕ್ಕ ಮಾಡುವ ಭಾಗವೇ ಎಎಲ್‌ಯು. 1975ರಲ್ಲಿ ಅಮೆರಿಕದ ಎಎಂಡಿ ಕಂಪನಿ ತಂದ 2901 ಚಿಪ್‌ನಲ್ಲಿದ್ದ ಎಎಲ್‌ಯು ಒಮ್ಮೆಗೆ ನಾಲ್ಕೇ ಬಿಟ್ ಲೆಕ್ಕ ಮಾಡುತ್ತಿತ್ತು. ಹದಿನಾರು ಬಿಟ್ ಬೇಕಿದ್ದವರು ಅಂಥ ನಾಲ್ಕು ಚಿಪ್ಪುಗಳನ್ನು ಸಾಲಾಗಿ ಜೋಡಿಸಿಕೊಳ್ಳಬೇಕು. ಹೀಗೆ ಜೋಡಿಸಬಲ್ಲ ತುಂಡಿಗೆ ಸ್ಲೈಸ್ ಎನ್ನುತ್ತಾರೆ.

ಅಂಥದೊಂದು ಪುಟ್ಟ ಸ್ಲೈಸ್ ಅನ್ನು ನಾವೇ ಕಟ್ಟುವುದಾದರೆ ಕೂಡುವುದಕ್ಕೆ ನಾಲ್ಕು ಫುಲ್ ಆಡರ್ ಸಾಕು. ಕಳೆಯುವುದಕ್ಕೆ ಬೇರೆ ಸರ್ಕ್ಯೂಟ್ ಬೇಡ. ಎರಡನೇ ಸಂಖ್ಯೆಯ ಬಿಟ್‌ಗಳನ್ನೆಲ್ಲ ತಿರುಗಿಸಿ, ಒಂದು ಸೇರಿಸಿ ಕೂಡಿದರೆ ಕಳೆದಂತೆಯೇ. ಆದ್ದರಿಂದ ಎರಡನೇ ಸಂಖ್ಯೆಯ ಪ್ರತಿ ಬಿಟ್‌ನ ದಾರಿಯಲ್ಲಿ ಒಂದೊಂದು ಎಕ್ಸಾರ್ ಗೇಟ್ ಇಟ್ಟು, ‘ಕಳೆ’ ಎಂಬ ಒಂದೇ ತಂತಿಯನ್ನು ಆ ನಾಲ್ಕಕ್ಕೂ, ಮೊದಲ ಆಡರ್‌ನ ಕ್ಯಾರಿ-ಇನ್‌ಗೂ ಕೊಟ್ಟರಾಯಿತು. ಆಂಡ್, ಆರ್ ಗೇಟುಗಳು ಪಕ್ಕದಲ್ಲೇ ತಮ್ಮ ಪಾಡಿಗೆ ಉತ್ತರ ಹಾಕುತ್ತಿರುತ್ತವೆ. ಯಾವುದನ್ನು ಹೊರಗೆ ಬಿಡಬೇಕೆಂದು ಮಲ್ಟಿಪ್ಲೆಕ್ಸರ್ ಆರಿಸುತ್ತದೆ.

ಇಲ್ಲಿಯವರೆಗೆ ಸಲೀಸು. ತಲೆ ಕೆಡಿಸುವುದು ಫ್ಲ್ಯಾಗ್‌ಗಳು. 0101ರಲ್ಲಿ 1100 ಕಳೆಯೋಣ. 1100 ತಿರುಗಿದರೆ 0011.

```
  0101
+ 0011
+    1
------
  1001
```

ಕೊನೆಯ, ಅಂದರೆ ಎಡತುದಿಯ, ಆಡರ್‌ನಿಂದ ಕ್ಯಾರಿ ಹೊರಬರಲಿಲ್ಲ; C ಸೊನ್ನೆ. ಚಿಹ್ನೆಯಿಲ್ಲದೆ ಓದಿದರೆ ಇದು 5ರಲ್ಲಿ 12 ಕಳೆದ ಲೆಕ್ಕ. ಸಾಲ ಪಡೆಯಲೇಬೇಕಾಯಿತು ಎಂಬುದನ್ನೇ ಆ ಸೊನ್ನೆ ಹೇಳುತ್ತಿದೆ. (ಇಂಟೆಲ್‌ನ x86 ಇಲ್ಲಿ C ಅನ್ನು ತಿರುಗಿಸಿ ಒಂದು ತೋರಿಸುತ್ತದೆ, ಎಆರ್‌ಎಂ ತಿರುಗಿಸುವುದಿಲ್ಲ. ಎರಡರಲ್ಲಿ ಒಂದನ್ನು ಮೊದಲೇ ಗೊತ್ತುಮಾಡಿ ಬರೆದಿಡುವುದು ಒಳ್ಳೆಯದು.) ಚಿಹ್ನೆಯಿಟ್ಟು ಓದಿದರೆ 1100 ಎಂದರೆ ಮೈನಸ್ 4. ಉತ್ತರ 9 ಆಗಬೇಕು, ಆದರೆ ನಾಲ್ಕು ಬಿಟ್‌ನಲ್ಲಿ 7ಕ್ಕಿಂತ ಹೆಚ್ಚು ಹಿಡಿಸದು. 1001 ಮೈನಸ್ 7 ಆಗಿ ಕಾಣುತ್ತದೆ, N ಒಂದಾಗುತ್ತದೆ. ಈ ಸುಳ್ಳನ್ನು ಹಿಡಿಯುವುದು V. ಎಡತುದಿಯ ಆಡರ್‌ಗೆ ಒಳಬಂದ ಕ್ಯಾರಿ ಒಂದು, ಹೊರಹೋದದ್ದು ಸೊನ್ನೆ. ಇವೆರಡೂ ಬೇರೆಯಾದಾಗ V ಒಂದು. ಅದಕ್ಕೂ ಒಂದೇ ಎಕ್ಸಾರ್ ಗೇಟ್ ಸಾಕು. ಚಿಹ್ನೆಯುಳ್ಳ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಚಿಕ್ಕದೇ ಎಂದು ಕೇಳುವಾಗ N ಒಂದನ್ನೇ ನಂಬಬಾರದು. N, V ಬೇರೆಯಾಗಿದ್ದರೆ ಮಾತ್ರ ಚಿಕ್ಕದು. ಇಲ್ಲಿ ಎರಡೂ ಒಂದೇ, ಹಾಗಾಗಿ 5 ಚಿಕ್ಕದಲ್ಲ.

ಸ್ಲೈಸ್‌ಗಳನ್ನು ಜೋಡಿಸುವಾಗ ಪೆಟ್ಟು ಬೀಳುವುದು ಎರಡು ಕಡೆ. ‘ಕಳೆ’ ತಂತಿ ಎಲ್ಲ ಸ್ಲೈಸ್‌ಗಳ ಎಕ್ಸಾರ್‌ಗೂ ಹೋಗಬೇಕು, ಆದರೆ ಕ್ಯಾರಿ-ಇನ್‌ಗೆ ಕೆಳಗಿನ ಸ್ಲೈಸ್‌ನಲ್ಲಿ ಮಾತ್ರ. ಉಳಿದವು ಹಿಂದಿನ ಸ್ಲೈಸ್‌ನ ಕ್ಯಾರಿ ಪಡೆಯಬೇಕು. C, N, V ಮೇಲಿನ ಸ್ಲೈಸ್‌ನವೇ ಲೆಕ್ಕಕ್ಕೆ. Z ಹಾಗಲ್ಲ, ಎಲ್ಲ ಸ್ಲೈಸ್‌ಗಳೂ ಸೊನ್ನೆ ಎಂದರಷ್ಟೇ ಸೊನ್ನೆ. 2901ರಲ್ಲಿ ಈ ಪಿನ್ ಓಪನ್ ಕಲೆಕ್ಟರ್ ಆಗಿತ್ತು. ಎಲ್ಲ ಚಿಪ್‌ಗಳ ಆ ಪಿನ್ನನ್ನು ಒಂದೇ ತಂತಿಗೆ ಕಟ್ಟಿ, ಒಂದು ರೆಸಿಸ್ಟರ್ ಮೂಲಕ ಮೇಲಕ್ಕೆಳೆದರೆ, ಸೊನ್ನೆಯಲ್ಲದ ಒಂದು ಚಿಪ್ ಇದ್ದರೂ ಸಾಕು, ಆ ತಂತಿ ಕೆಳಗಿಳಿಯುತ್ತದೆ.