ಹೊಸ ಬ್ಯಾಟರಿ ಕೊಳ್ಳುವ ಮುನ್ನ

ನನ್ನ ತಮ್ಮನ ಬೈಕು ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ನುಂಗಿತು. ಬೆಳಗ್ಗೆ ಸೆಲ್ಫ್ ಚೆನ್ನಾಗಿ ಎತ್ತುತ್ತಿತ್ತು. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಒಂದು ಗಂಟೆ ಓಡಿಸಿ ನಿಲ್ಲಿಸಿದರೆ ಮತ್ತೆ ಕಿಕ್ಕೇ ಗತಿ. ಓಡುತ್ತಿರುವಾಗಲೇ ಬ್ಯಾಟರಿ ಇಳಿಯುತ್ತಿದ್ದರೆ ಅದಕ್ಕೆ ಚಾರ್ಜ್ ಸರಿಯಾಗಿ ಮುಟ್ಟುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಅದಕ್ಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

ಎಂಜಿನ್ ಪಕ್ಕದ ಮುಚ್ಚಳದೊಳಗಿರುವ ಕಾಯಿಲ್ ಪ್ಲೇಟ್, ಅಂದರೆ ಸ್ಟೇಟರ್, ಎಸಿ ಕರೆಂಟ್ ಹುಟ್ಟಿಸುತ್ತದೆ. ಆರ್‌ಆರ್ ಯೂನಿಟ್ ಅದನ್ನು ಡಿಸಿಗೆ ತಿರುಗಿಸಿ, ಹದ ಮೀರದಂತೆ ಹಿಡಿದು ಬ್ಯಾಟರಿಗೆ ಕಳಿಸುತ್ತದೆ.

ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿಯೇ ಪರೀಕ್ಷೆಗೆ ಇಳಿಯಬೇಕು. ಅರೆಜೀವದ ಬ್ಯಾಟರಿ ಇಟ್ಟುಕೊಂಡರೆ ಮೀಟರ್ ತೋರಿಸುವ ಅಂಕಿ ದಾರಿ ತಪ್ಪಿಸುತ್ತದೆ. ತುಂಬಿದ ಬ್ಯಾಟರಿ ಎಂಜಿನ್ ಆಫ್ ಇದ್ದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ. ಎಂಜಿನ್ ಶುರು ಮಾಡಿ, ಲೈಟ್ ಹಾಕಿ, 5000 ಆರ್‌ಪಿಎಂಗೆ ಏರಿಸಿದಾಗ ಅದು 14ರ ಆಸುಪಾಸಿಗೆ ಬರಬೇಕು. 15 ದಾಟಿದರೆ ಯೂನಿಟ್ ಹಿಡಿತ ಕಳೆದುಕೊಂಡಿದೆ. ಬ್ಯಾಟರಿ ಕುದಿದು ಹಾಳಾಗುತ್ತದೆ. ತಮ್ಮನ ಬೈಕಿನಲ್ಲಿ ಬಂದದ್ದು 12.4.

ಇನ್ನು ಸ್ಟೇಟರ್. ಅನೇಕ ಬೈಕುಗಳಲ್ಲಿ ಅದರಿಂದ ಮೂರು ಹಳದಿ ವೈರು ಹೊರಬರುತ್ತವೆ. ಎಂಜಿನ್ ನಿಲ್ಲಿಸಿ ಆ ಕಪ್ಲರ್ ಬಿಚ್ಚಿದೆವು. ಪ್ರತಿ ಹಳದಿ ವೈರಿಗೂ ಎಂಜಿನ್ ಬಾಡಿಗೂ ನಡುವೆ ಸಂಪರ್ಕ ಇರಕೂಡದು. ಇದ್ದರೆ ಕಾಯಿಲ್ ಸುಟ್ಟು ಬಾಡಿಗೆ ತಾಗಿದೆ. ಇಲ್ಲಿ ತಾಗಿರಲಿಲ್ಲ. ಮೀಟರನ್ನು ಎಸಿಗೆ ತಿರುಗಿಸಿ, ಎಂಜಿನ್ ಶುರು ಮಾಡಿ, ಎರಡೆರಡು ವೈರುಗಳ ನಡುವೆ ಅಳೆದೆವು. 5000 ಆರ್‌ಪಿಎಂನಲ್ಲಿ 62, 61, 62 ವೋಲ್ಟ್. ಎಷ್ಟು ಬರಬೇಕೆಂಬುದು ಬೈಕಿನಿಂದ ಬೈಕಿಗೆ ಬೇರೆ, ಸರ್ವಿಸ್ ಪುಸ್ತಕದಲ್ಲಿರುತ್ತದೆ. ಆದರೆ ಮೂರೂ ಸಮವಾಗಿರಲೇಬೇಕು. ಒಂದು ಜೋಡಿ ತೀರಾ ಕಡಿಮೆ ತೋರಿಸಿದರೆ ಸ್ಟೇಟರ್ ಹೋಗಿದೆ. ಈ ವೋಲ್ಟೇಜ್ ಶಾಕ್ ಹೊಡೆಯುವಷ್ಟಿದೆ, ಬರಿಗೈಯಲ್ಲಿ ಮುಟ್ಟಬೇಡಿ. ಎಂಜಿನ್ ಓಡುವಾಗ ಬ್ಯಾಟರಿ ವೈರನ್ನಂತೂ ಬಿಚ್ಚಲೇಬಾರದು, ಯೂನಿಟ್ಟೇ ಸುಡಬಹುದು.

ಸ್ಟೇಟರ್ ಸರಿಯಿದ್ದರೆ ದೋಷ ಆರ್‌ಆರ್ ಯೂನಿಟ್ಟಿನದು ಎಂದು ಗ್ಯಾರೇಜಿನಲ್ಲಿ ತೀರ್ಮಾನಿಸಿಬಿಡುತ್ತಾರೆ. ಇಲ್ಲಿಯೇ ದುಡ್ಡು ಪೋಲಾಗುವುದು. ನಾವು ಕಪ್ಲರ್ ಮತ್ತೆ ಜೋಡಿಸಿ, ಮೀಟರನ್ನು ಡಿಸಿಗೆ ತಂದು, ಎಂಜಿನ್ ಓಡುತ್ತಿರುವಾಗಲೇ ಒಂದು ಮುಳ್ಳನ್ನು ಯೂನಿಟ್ಟಿನಿಂದ ಹೊರಡುವ ಕೆಂಪು ವೈರಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೆ ಇಟ್ಟೆವು. ಒಂದೇ ವೈರಿನ ಎರಡು ತುದಿಗಳಾದ್ದರಿಂದ ಅಂಕಿ ಸೊನ್ನೆಯ ಹತ್ತಿರ ಇರಬೇಕಿತ್ತು. ಬಂದದ್ದು 1.8 ವೋಲ್ಟ್. ಯೂನಿಟ್ 14.2 ಕೊಡುತ್ತಿತ್ತು, ಬ್ಯಾಟರಿಗೆ ತಲುಪುತ್ತಿದ್ದದ್ದು 12.4.

ಕೆಂಪು ವೈರಿನ ಜಾಡು ಹಿಡಿದು ಹೋದರೆ, ಸೀಟಿನ ಕೆಳಗಿನ ಕಪ್ಲರ್‌ನಲ್ಲಿ ಒಂದು ಪಿನ್ ಹಸಿರುಗಟ್ಟಿ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಕಂದಾಗಿತ್ತು. ಆ ಪಿನ್ ಕತ್ತರಿಸಿ ಹೊಸದು ಹಾಕಿದ ಮೇಲೆ ಬ್ಯಾಟರಿಯ ಮೇಲೆ 14.1 ಬಂತು. ಮೈನಸ್ ಕಡೆಯ ಅರ್ತ್ ವೈರನ್ನೂ ಹೀಗೆಯೇ ಅಳೆಯಿರಿ. ಎರಡೂ ಕಡೆ ಸೋರಿಕೆ ಇಲ್ಲದೆಯೂ ಬ್ಯಾಟರಿಯಲ್ಲಿ 13 ದಾಟದಿದ್ದರೆ ಆಗ ಹೊಸ ಆರ್‌ಆರ್ ಯೂನಿಟ್ ಕೊಳ್ಳಿ.