ಗೋದಾಮಿನಲ್ಲಿ ಕುಳಿತ ಹದಿನೈದು ಲಕ್ಷ

ಹಾಸನದ ಕಡೆ ಬಿಸ್ಕತ್ತು ಮಾರುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗಿನ ಟಾರ್ಗೆಟ್ 1 ಕೋಟಿ 20 ಲಕ್ಷ ರೂಪಾಯಿ. ಮಾರ್ಚ್ 31ರ ರಾತ್ರಿ ಲೆಕ್ಕ ಹಾಕಿದರೆ ಟಾರ್ಗೆಟ್ ಪೂರ್ತಿ ಮುಟ್ಟಿದೆ. ಆದರೆ ಅದು ಪ್ರೈಮರಿ, ಅಂದರೆ ಕಂಪನಿ ಡಿಸ್ಟ್ರಿಬ್ಯೂಟರಿಗೆ ಮಾಡಿದ ಬಿಲ್. ಡಿಸ್ಟ್ರಿಬ್ಯೂಟರಿಂದ ಅಂಗಡಿಗಳಿಗೆ ಹೋದದ್ದು, ಅಂದರೆ ಸೆಕೆಂಡರಿ, 1 ಕೋಟಿ 5 ಲಕ್ಷ ಮಾತ್ರ. ಉಳಿದ 15 ಲಕ್ಷದ ಮಾಲು ಗೋದಾಮಿನಲ್ಲೇ ಇದೆ.

ಏರಿಯಾ ಮ್ಯಾನೇಜರ್ ಈ ವಿಷಯವನ್ನು ಎರಡು ಕಡೆ ಹೇಳಬೇಕು: ಬೆಂಗಳೂರಿನ ಹಿರಿಯರಿಗೆ, ಬೆಳಗ್ಗೆ ಬ್ಯಾಗು ಹೆಗಲಿಗೇರಿಸಿ ಹೊರಡುವ ಹತ್ತು ಸೇಲ್ಸ್‌ಮನ್‌ಗಳಿಗೆ. ಸಾಮಾನ್ಯವಾಗಿ ನಡೆಯುವುದೇನೆಂದರೆ, ಹಿರಿಯರಿಗೆ ಮಾಡಿದ ನಲವತ್ತು ಸ್ಲೈಡುಗಳನ್ನೇ ಹುಡುಗರಿಗೂ ತೋರಿಸಲಾಗುತ್ತದೆ. ಕೋಟಿಗಳ ಲೆಕ್ಕ ಕೇಳಿದ ಸೇಲ್ಸ್‌ಮನ್‌ಗೆ ನಾಳೆ ಯಾವ ಅಂಗಡಿಯ ಮೆಟ್ಟಿಲು ಹತ್ತಬೇಕು ಎಂಬುದು ತಿಳಿಯುವುದಿಲ್ಲ.

ಅವರ ಹಾಳೆ ಬೀಟಿನ ಭಾಷೆಯಲ್ಲಿರಬೇಕು. ಪ್ರತಿಯೊಬ್ಬರೂ ದಿನಕ್ಕೆ 40 ಅಂಗಡಿಗೆ ಹೋಗುತ್ತಾರೆ. ಹಿಂದಿನ ತ್ರೈಮಾಸಿಕದಲ್ಲಿ ಸರಾಸರಿ 23 ಅಂಗಡಿಗಳಲ್ಲಿ ಬಿಲ್ ಆಗುತ್ತಿತ್ತು, ಈ ಸಲ 20. ಬಿಲ್ಲಿಗೆ ಸುಮಾರು 700 ರೂಪಾಯಿ. ದಿನಕ್ಕೆ ಮೂರು ಅಂಗಡಿ ತಪ್ಪಿದರೆ 2,100 ರೂಪಾಯಿ. ಹತ್ತು ಜನ, 75 ದಿನ ಎಂದರೆ 15 ಲಕ್ಷ 75 ಸಾವಿರ. ಗೋದಾಮಿನ ಮಾಲಿಗೆ ಈ ಮೊತ್ತ ಬಹಳ ಹತ್ತಿರ. ಹೀಗೆ ಎರಡು ಹಾಳೆಗಳ ಲೆಕ್ಕ ಕೂಡದಿದ್ದರೆ ಯಾವುದೋ ಒಂದು ತಪ್ಪಿದೆ ಎಂದೇ ಅರ್ಥ.

ಹಾಳೆಯಲ್ಲಿ ಬಿಟ್ಟುಹೋದ ಅಂಗಡಿಗಳ ಹೆಸರೂ ಇದ್ದರೆ ಕಾರಣ ಅಲ್ಲೇ ಹೊರಬರುತ್ತದೆ. "ಫೆಬ್ರವರೀಲಿ ಎರಡು ವಾರ ಐದು ರೂಪಾಯಿ ಪ್ಯಾಕೆಟ್ಟೇ ಇರಲಿಲ್ಲ ಸಾರ್. ಸಣ್ಣ ಅಂಗಡಿಯವರು ಮೊದಲು ಕೇಳೋದೇ ಅದನ್ನ" ಎನ್ನುತ್ತಾನೆ ಒಬ್ಬ. ಮಾರ್ಚ್ ಕೊನೆಯಲ್ಲಿ ಟಾರ್ಗೆಟ್‌ಗಾಗಿ ತುಂಬಿಸಿದ್ದೆಲ್ಲ ದೊಡ್ಡ ಪ್ಯಾಕು. ಯಾರ ಬಿಲ್ ಕಡಿಮೆ ಎಂದು ಎಲ್ಲರೆದುರು ಹೆಸರು ಓದಿದ್ದರೆ ಈ ಮಾತು ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಆದ್ದರಿಂದ ಹುಡುಗರ ಸಭೆ ಮೊದಲು ನಡೆಯಬೇಕು, ಹಿರಿಯರದು ಆಮೇಲೆ.

ಹಿರಿಯರಿಗೆ ಅಂಗಡಿಗಳ ಪಟ್ಟಿ ಬೇಡ, ಒಂದು ಪುಟ ಸಾಕು. ಅದರ ಮೊದಲ ಸಾಲೇ ಅಹಿತವಾದದ್ದು: ಟಾರ್ಗೆಟ್ ಮುಟ್ಟಿದೆ, ಮಾರಾಟ ಮುಟ್ಟಿಲ್ಲ. ಡಿಸ್ಟ್ರಿಬ್ಯೂಟರ್ ಬಳಿ ಏಳು ದಿನದ ಮಾಲು ಇರುತ್ತಿದ್ದದ್ದು ಈಗ ಹದಿನೆಂಟು ದಿನದ್ದಾಗಿದೆ. ಅವರ ಹಣ ಅದರಲ್ಲಿ ಸಿಕ್ಕಿಕೊಂಡಿರುವುದರಿಂದ ಏಪ್ರಿಲ್ ಆರ್ಡರ್ ಇಳಿಯುತ್ತದೆ. ಮಾಲು ಹಳತಾದರೆ ಎಕ್ಸ್‌ಪೈರಿ ಕ್ಲೇಮ್ ಕಂಪನಿಯ ತಲೆಗೇ ಬರುತ್ತದೆ. ಇದನ್ನು ಸರಾಸರಿಯೊಳಗೆ ಮುಚ್ಚಿಡುವ ಮ್ಯಾನೇಜರ್ ಮುಂದಿನ ತ್ರೈಮಾಸಿಕವನ್ನೂ ಕೆಡಿಸುತ್ತಾನೆ. ಪುಟದ ಕೊನೆಗೆ ಎರಡು ಬೇಡಿಕೆ: ಏಪ್ರಿಲ್ ಪ್ರೈಮರಿ ಟಾರ್ಗೆಟ್‌ನಲ್ಲಿ 15 ಲಕ್ಷ ಇಳಿಸಬೇಕು, ಹಾಸನಕ್ಕೆ ಐದು ರೂಪಾಯಿ ಪ್ಯಾಕೆಟ್ ಮೊದಲ ಲೋಡಿನಲ್ಲೇ ಬರಬೇಕು.

ಹಿರಿಯರು ಒಪ್ಪಿದರೋ ಇಲ್ಲವೋ ಎಂಬುದನ್ನು ಮರುದಿನ ಬೆಳಗ್ಗೆಯೇ ಸೇಲ್ಸ್‌ಮನ್‌ಗಳಿಗೆ ತಿಳಿಸಬೇಕು. ಬಿಟ್ಟುಹೋದ ಅಂಗಡಿಗಳ ಪಟ್ಟಿ ಹಿಡಿದು ಹೊರಡುವವರು ಅವರೇ. "ಪ್ಯಾಕೆಟ್ ಬಂತಾ?" ಎಂದು ಅಂಗಡಿಯವರು ಕೇಳುವುದೂ ಅವರನ್ನೇ.