ಕೇಕ್ ಮೇಲೆ ಮೂರು ಸಾಲು, ಬ್ಯಾನರ್ ಮೇಲೆ ಐದು

ಕಚೇರಿಯ ಬೀಳ್ಕೊಡುಗೆಗಳಲ್ಲಿ ಕೇಕ್ ಮತ್ತು ಬ್ಯಾನರ್ ಎರಡರ ಮೇಲೂ ಒಂದೇ ಒಕ್ಕಣೆ ಬರೆಸುವ ರೂಢಿ ಬಂದುಬಿಟ್ಟಿದೆ. ಆರಡಿ ಬಟ್ಟೆಯ ಮೇಲೆ ಇದ್ದದ್ದನ್ನೇ ಒಂದು ಕೆ.ಜಿ. ಕೇಕಿನ ಮೇಲೂ ತುರುಕಿದರೆ ಕೊನೆಯ ಎರಡು ಅಕ್ಷರ ಅಂಚಿನ ಕ್ರೀಮಿನೊಳಗೆ ಹೂತುಹೋಗುತ್ತವೆ. ಇವೆರಡರ ಕೆಲಸವೇ ಬೇರೆ. ಬ್ಯಾನರ್ ದಾಖಲೆ: ಯಾರಿಗೆ, ಯಾವ ಕಾರಣಕ್ಕೆ, ಎಲ್ಲಿ, ಯಾವ ದಿನ ಎಂಬುದನ್ನು ಅದು ಹೇಳಬೇಕು. ಮುಂದೆ ಹತ್ತಾರು ವರ್ಷ ಆಲ್ಬಮ್ಮಿನಲ್ಲಿ ಉಳಿಯುವುದು ಅದೇ. ಕೇಕಿನ ಮೇಲಿನ ಮಾತು ಹಾಗಲ್ಲ. ಅದನ್ನು ಹತ್ತು ನಿಮಿಷ ಓದುತ್ತಾರೆ, ಸುತ್ತ ನಿಂತವರಷ್ಟೇ ಓದುತ್ತಾರೆ. ಆದ್ದರಿಂದ ಹೊರಡುವವರ ಎದುರು ನಿಂತು ಬಾಯಲ್ಲಿ ಹೇಳಬಹುದಾದ ಮಾತೇ ಅಲ್ಲಿರಬೇಕು.

ಕೇಕಿನ ಲೆಕ್ಕ ಮೊದಲು. ಒಂದು ಕೆ.ಜಿ.ಯ ದುಂಡು ಕೇಕ್ ಸಾಮಾನ್ಯವಾಗಿ ಎಂಟು ಇಂಚು ಅಗಲ, ಅಂದರೆ ಸುಮಾರು 20 ಸೆಂಟಿಮೀಟರ್. ಸುತ್ತಲಿನ ಕ್ರೀಮಿನ ಅಂಚಿಗೆ ಎರಡೆರಡು ಸೆಂಟಿಮೀಟರ್ ಕಳೆದರೆ ಬರೆಯಲು ಸಿಗುವುದು 16. ಕೋನಿನಿಂದ ಚಾಕೊಲೇಟ್ ಹಿಂಡಿ ಬರೆಯುವ ಕನ್ನಡ ಅಕ್ಷರ ಸ್ಪಷ್ಟವಾಗಿ ಕಾಣಬೇಕಾದರೆ ಒಂದೊಂದಕ್ಕೂ ಎರಡು ಸೆಂಟಿಮೀಟರ್ ಬೇಕು. ಹಾಗಾಗಿ ನಡುವಿನ ಸಾಲಿನಲ್ಲಿ ಹೆಚ್ಚೆಂದರೆ ಏಳು ಅಕ್ಷರ, ಮೇಲೆ ಕೆಳಗೆ ನಾಲ್ಕೈದು. ಮೂಲೆಯಲ್ಲೊಂದು ಕ್ರೀಮಿನ ಗುಲಾಬಿ ಬೇಕೆಂದರೆ ಅಲ್ಲೂ ಒಂದೆರಡು ಅಕ್ಷರದ ಜಾಗ ಹೋಯಿತು.

ಕನ್ನಡದ ದುಂಡುತನ ಕೋನಿಗೆ ಒಗ್ಗುತ್ತದೆ, ಕೈ ಎತ್ತದೆ ಬರೆದುಕೊಂಡು ಹೋಗಬಹುದು. ತೊಂದರೆ ಕೊಡುವುದು ಒತ್ತಕ್ಷರ. ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ಬಂದು ಕೂರುತ್ತದೆ. ಹಾಗಾಗಿ ಅಕ್ಷರದ ಎತ್ತರಕ್ಕೆ ಎರಡು ಸೆಂಟಿಮೀಟರ್ ಇಟ್ಟರೆ ಒತ್ತಿಗೆಂದೇ ಇನ್ನೊಂದು ಸೆಂಟಿಮೀಟರ್ ಬಿಡಬೇಕು. ಧ, ಥ, ಠ ಅಕ್ಷರಗಳ ಸಣ್ಣ ಸೀಳು, ಚುಕ್ಕೆಗಳು ಕ್ರೀಮಿನಲ್ಲಿ ಮುಚ್ಚಿಹೋಗುತ್ತವೆ. ಯೋ, ಹೋ ಮುಂತಾದ ದೀರ್ಘಗಳು ಎಣಿಕೆಗೆ ಒಂದೇ ಆದರೂ ಎರಡಕ್ಷರದ ಜಾಗ ನುಂಗುತ್ತವೆ. ‘ವಯೋನಿವೃತ್ತಿ’ ಎಂಬ ಮಾತನ್ನು ಕೇಕಿಗೆ ಬರೆಸಬೇಡಿ ಎನ್ನುವುದು ಇದಕ್ಕೇ. ಅದರಲ್ಲಿ ಯೋ ಇದೆ, ವೃ ಇದೆ, ತ್ತಿ ಇದೆ. ಹೇಗೂ ಹಿಂದಿನ ಗೋಡೆಯ ಮೇಲೆ ಅದು ದೊಡ್ಡದಾಗಿ ಇರುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಪ್ರೌಢಶಾಲೆಯೊಂದರಲ್ಲಿ ಇಷ್ಟು ವರ್ಷ ಗಂಟೆ ಬಾರಿಸಿದ ಸಹಾಯಕಿ ನಿವೃತ್ತರಾಗುತ್ತಿದ್ದಾರೆ, ಹೆಸರು ಸಾವಿತ್ರಮ್ಮ ಎಂದಿಟ್ಟುಕೊಳ್ಳಿ. ‘ನಿವೃತ್ತಿ ಜೀವನದ ಹಾರ್ದಿಕ ಶುಭಾಶಯಗಳು’ ಎಂದರೆ ಹೆಸರು ಸೇರಿಸುವ ಮೊದಲೇ ಹದಿನಾರು ಅಕ್ಷರ. ಕೇಕಿಗೆ ಹೆಚ್ಚಾಯಿತು. ಅದಲ್ಲದೆ ಆ ಮಾತು ಯಾರಿಗಾದರೂ ಸಲ್ಲುವಂಥದ್ದು. ಸ್ಟಾಫ್ ರೂಮಿನಲ್ಲಿ ಯಾರೋ ‘ನಾಳೆಯಿಂದ ಗಂಟೆ ಇಲ್ಲ’ ಎಂದು ಬರೆಸೋಣ ಎನ್ನುತ್ತಾರೆ. ಈ ಮಾತು ಅವರದೇ ಕೆಲಸದಿಂದ ಬಂದದ್ದು, ಅಳತೆಗೂ ಸರಿ. ಆದರೆ ಶುಭದ ದಿನ ‘ಇಲ್ಲ’ ಎಂಬುದನ್ನು ಕೇಕಿನ ಮೇಲೆ ಓದಿದರೆ ಹಿರಿಯರ ಮನಸ್ಸಿಗೆ ಮುಳ್ಳಾಡಿದಂತಾಗುತ್ತದೆ. ಅದೇ ಭಾವವನ್ನು ತಿರುಗಿಸಿ ಹೇಳಬಹುದು:

ಸಾವಿತ್ರಮ್ಮ
ಇನ್ನು ಸಮಯ
ನಿಮ್ಮದೇ

ನಾಲ್ಕು, ಐದು, ಮೂರು. ನಡುವಿನ ಸಾಲೇ ಉದ್ದ, ಆದ್ದರಿಂದ ದುಂಡು ಕೇಕಿಗೆ ಹೇಳಿಮಾಡಿಸಿದಂತಿದೆ. ಮಹಾಪ್ರಾಣ ಒಂದೂ ಇಲ್ಲ, ಎಲ್ಲರಿಗೂ ಸಮಯ ತಿಳಿಸಿದವರಿಗೆ ಇದು ಒಪ್ಪುತ್ತದೆ. ಹೆಸರು ಮೇಲಿರುವುದಕ್ಕೂ ಕಾರಣವಿದೆ. ಹೆಸರಿನ ಮೇಲೆ ಚಾಕು ಹಾಯಿಸಲು ನಮ್ಮಲ್ಲಿ ಅನೇಕರಿಗೆ ಮನಸ್ಸು ಬರುವುದಿಲ್ಲ. ಕೆಳಗಿನ ಅಂಚಿನಿಂದ ಮೊದಲ ತುಂಡು ಕತ್ತರಿಸಿದರೆ ಹೆಸರಿಗೆ ಏನೂ ಆಗದು.

ಬೇಕರಿಗೆ ಈ ಮಾತನ್ನು ಫೋನಿನಲ್ಲಿ ಹೇಳಬಾರದು. ಅಲ್ಲಿ ಬರೆಯುವ ಹುಡುಗನಿಗೆ ಕನ್ನಡ ಓದಲು ಬರುತ್ತದೆ ಎಂಬ ಖಾತ್ರಿಯಿಲ್ಲ. ಅವನು ಆಕಾರ ನೋಡಿ ಬರೆಯುತ್ತಾನೆ. ಕಾಗದದ ಮೇಲೆ ದೊಡ್ಡದಾಗಿ, ಸಾಲು ಮುರಿದು, ಕೇಕಿನಷ್ಟೇ ಅಗಲದ ವೃತ್ತ ಎಳೆದು ಅದರೊಳಗೆ ಬರೆದುಕೊಡಿ. ಹಾಳೆಯಲ್ಲಿ ಬೇರೆ ಒಂದಕ್ಷರವೂ ಇರಬಾರದು, ‘ಕೆಂಪು ಬಣ್ಣದಲ್ಲಿ’ ಎಂಬ ಸೂಚನೆಯೂ ಕೇಕಿನ ಮೇಲೆ ಬಂದು ಕೂತೀತು. ತಿನ್ನಬಹುದಾದ ಸಕ್ಕರೆ ಹಾಳೆಯ ಮೇಲೆ ಮುದ್ರಿಸಿ ಅಂಟಿಸುವ ವ್ಯವಸ್ಥೆಯೂ ಈಗ ಇದೆ. ಅಕ್ಷರ ಚೊಕ್ಕಟವಾಗಿ ಬರುತ್ತದೆ. ಆದರೆ ಕ್ರೀಮಿನ ತೇವಕ್ಕೆ ಶಾಯಿ ನಿಧಾನವಾಗಿ ಹರಡುವುದರಿಂದ ಅದನ್ನು ಹಿಂದಿನ ರಾತ್ರಿಯೇ ಅಂಟಿಸಿಡಬಾರದು.

ಇನ್ನು ಬ್ಯಾನರ್. ಕನ್ನಡ ನಿಜವಾಗಿ ಕೆಡುವುದು ಇಲ್ಲಿ, ಅದೂ ‘ಬೀಳ್ಕೊಡುಗೆ’ ಎಂಬ ಪದದಲ್ಲೇ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಒಕ್ಕಣೆ ಯೂನಿಕೋಡ್‌ನಲ್ಲಿರುತ್ತದೆ. ಡಿ.ಟಿ.ಪಿ. ಅಂಗಡಿಯಲ್ಲಿ ಇನ್ನೂ ಎಷ್ಟೋ ಕಡೆ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲೇ ಕೆಲಸ. ಹಾಗೇ ಅಂಟಿಸಿದರೆ ಫಾಂಟ್ ಕೂಡುವುದಿಲ್ಲ, ಮತ್ತೆ ಟೈಪ್ ಮಾಡುತ್ತಾರೆ, ಆಗ ಕಾಗುಣಿತ ತಪ್ಪುತ್ತದೆ. ವಿನ್ಯಾಸದ ತಂತ್ರಾಂಶದಲ್ಲಿ ಯೂನಿಕೋಡನ್ನೇ ಬಳಸಿದರೂ ಭಾರತೀಯ ಲಿಪಿಗಳಿಗೆ ಬೇಕಾದ ಸೆಟ್ಟಿಂಗ್ ಹಾಕದಿದ್ದರೆ ಳ ಅಕ್ಷರದ ಕೆಳಗೆ ಬರಬೇಕಾದ ಕ ಒತ್ತು ಪಕ್ಕಕ್ಕೆ ಸರಿದು ಪದ ಒಡೆಯುತ್ತದೆ. ಹಾರ್ದಿಕದ ಅರ್ಕಾವೊತ್ತೂ ತನ್ನ ಜಾಗ ಬಿಟ್ಟು ಅಲೆಯುತ್ತದೆ. ಮುದ್ರಣಕ್ಕೆ ಮೊದಲು ಕರಡು ತರಿಸಿಕೊಂಡು ಈ ಎರಡು ಪದ ನೋಡಿ, ಇವು ಸರಿಯಿದ್ದರೆ ಉಳಿದವೂ ಬಹುತೇಕ ಸರಿ. ಕಾಗುಣಿತದಲ್ಲಿ ಪದೇ ಪದೇ ಕಾಣುವ ತಪ್ಪುಗಳು ಇವು: ‘ಹಾರ್ಧಿಕ’, ‘ಶುಭಾಷಯ’, ‘ಸಮಾರಂಬ’, ‘ನಿವೃತಿ’. ಬೀಳ್ಕೊಡುಗೆಯ ಬೀ ಹ್ರಸ್ವವಾಗುವುದೂ ಉಂಟು. ಒಕ್ಕಣೆ ಬರೆದವರ ಕಣ್ಣಿಗೆ ತಪ್ಪು ಬೀಳುವುದಿಲ್ಲ, ಬೇರೆಯವರಿಂದ ಒಂದೊಂದೇ ಅಕ್ಷರ ಓದಿಸಬೇಕು.

ಬ್ಯಾನರಿಗೆ ಐದು ಸಾಲು ಸಾಕು: ‘ವಯೋನಿವೃತ್ತಿ ಬೀಳ್ಕೊಡುಗೆ’, ‘ಶ್ರೀಮತಿ ಸಾವಿತ್ರಮ್ಮ ಅವರಿಗೆ’, ಹುದ್ದೆ, ಶಾಲೆ ಮತ್ತು ಊರು, ದಿನಾಂಕ. ಹತ್ತಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಎಂಬ ಅಂದಾಜು ಬೋರ್ಡ್ ಬರೆಯುವವರಲ್ಲಿದೆ. ಸಭಾಂಗಣದ ಕೊನೆಯ ಸಾಲು ಮೂವತ್ತಡಿ ದೂರವಿದ್ದರೆ ಮೂರಿಂಚು. ಒತ್ತು, ಗುಡಿಸು ಬಿಟ್ಟು ಅಕ್ಷರದ ಮೈಯಷ್ಟೇ ಈ ಅಳತೆಗೆ ಬರಬೇಕು. 2016ರ ಮಾರ್ಚ್‌ನ ರಾಜ್ಯ ಸರ್ಕಾರದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಸೇರಿದೆ, ಹಾಗಾಗಿ ಬಟ್ಟೆಯೇ ಗತಿ. ಬಟ್ಟೆಯಲ್ಲಿ ಸಣ್ಣ ಗೆರೆಗಳು ತುಸು ಹರಡುವುದರಿಂದ ದಪ್ಪ ಅಕ್ಷರವೇ ಲೇಸು.

ಒಂದು ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಅಂಡಾಕಾರದ ಚೌಕಟ್ಟಿನಲ್ಲಿ ಪಾಸ್‌ಪೋರ್ಟ್ ಫೋಟೊ, ಸುತ್ತ ಹೂವು, ಕೆಳಗೆ ‘ನಿಮ್ಮ ನೆನಪು ಸದಾ ಹಸಿರು’ ಎಂದರೆ ಅದು ಶ್ರದ್ಧಾಂಜಲಿಯ ಬ್ಯಾನರಿನಂತೆಯೇ ಕಾಣುತ್ತದೆ. ‘ವಿದಾಯ’, ‘ಅಗಲಿಕೆ’ ಎಂಬ ಮಾತುಗಳಿಗೂ ಅದೇ ಛಾಯೆ ಅಂಟಿಕೊಂಡಿದೆ. ಫೋಟೊ ಬೇಕೇ ಬೇಕೆಂದರೆ ಕೆಲಸ ಮಾಡುತ್ತಿರುವಾಗ ತೆಗೆದ, ನಗುಮುಖದ ಫೋಟೊ ಹಾಕಿ.

ವರ್ಗಾವಣೆಯಾದವರಿಗೆ ‘ಹೋಗಿ ಬನ್ನಿ ಸರ್’ ಎಂದರೆ ಕೇಕ್ ತುಂಬುತ್ತದೆ, ಮನಸ್ಸೂ ತುಂಬುತ್ತದೆ. ಬೇರೆ ಕೆಲಸ ಸಿಕ್ಕಿ ರಾಜೀನಾಮೆ ಕೊಟ್ಟವರಿಗೆ ‘ಹೊಸ ಕೆಲಸಕ್ಕೆ ಶುಭವಾಗಲಿ’ ಸಾಕು, ಬಿಟ್ಟುಹೋಗುತ್ತಿರುವ ಕಚೇರಿಯ ಗುಣಗಾನ ಅಲ್ಲಿ ಬೇಡ. ಕೆಲಸದಿಂದ ತೆಗೆದವರನ್ನು ಬೀಳ್ಕೊಡುವಾಗ ಬ್ಯಾನರನ್ನೇ ಬಿಡುವುದು ಒಳ್ಳೆಯದು. ಕೇಕ್ ತಂದರೂ ಅದರ ಮೇಲೆ ಅವರ ಹೆಸರೊಂದೇ ಇರಲಿ.